‘ಅದೇ ಹೋಯ್ತೋ, ನೀನ್ ಕಳಿಸಿದ್ಯೋ?’: ವೆಬ್ ಸರಣಿಗೆ ಕಂಗ್ಲಿಷ್ ಬರೆಯುವ ಬಗೆ

ರಾತ್ರಿ ಹನ್ನೊಂದೂ ನಲವತ್ತು. ಬೆಂಗಳೂರಿನ ಬಿಟಿಎಂ ಲೇಔಟ್‌ನ ಪೀಜಿಯೊಂದರಲ್ಲಿ ಚೇತನ್ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಾನೆ. ಹುಬ್ಬಳ್ಳಿಯ ಹುಡುಗ, ಕೆಲಸಕ್ಕೆ ಸೇರಿ ಎರಡು ವರ್ಷ. ಜಯನಗರದ ಮನೆಯಿಂದ ಅವನಿಗೆ ಫೋನ್ ಮಾಡುತ್ತಿರುವವಳು ದೀಪಾ, ಅವನ ಟೀಮ್ ಲೀಡ್. ಕಂಪನಿಯ ಆ್ಯಪ್‌ನಲ್ಲಿ ಗ್ರಾಹಕರಿಗೆ ಹಣ ಕಟ್ಟಲು ಆಗುತ್ತಿಲ್ಲ. ದೃಶ್ಯವೂ ಪಾತ್ರಗಳೂ ಈ ಲೇಖನಕ್ಕಾಗಿಯೇ ಕಟ್ಟಿದವು. ಆದರೆ ಸಾಫ್ಟ್‌ವೇರ್ ಹುಡುಗ ಹುಡುಗಿಯರ ಬಗ್ಗೆ ವೆಬ್ ಸರಣಿ ಬರೆಯಲು ಕೂತ ಯಾರಿಗಾದರೂ ಇಂಥದೊಂದು ಸನ್ನಿವೇಶ ಎದುರಾಗಿಯೇ ಆಗುತ್ತದೆ. ಅವಸರದ ಮೊದಲ ಕರಡಿನಲ್ಲಿ ಅದು ಹೀಗೆ ಬರುತ್ತದೆ:

ದೀಪಾ: ಚೇತನ್, ಪ್ರೊಡಕ್ಷನ್ ಸರ್ವರ್ ಈಸ್ ಡೌನ್! ನೀನು ಏನು ಮಾಡಿದೆ?
ಚೇತನ್: ಓ ಮೈ ಗಾಡ್! ನಾನು ನ್ಯೂ ಕೋಡ್ ಅನ್ನು ಅಪ್‌ಲೋಡ್ ಮಾಡಿದ್ದೇನೆ. ಐ ಆಮ್ ವೆರಿ ಸಾರಿ.
ದೀಪಾ: ಈಗ ವಾಟ್ ಟು ಡೂ? ಮ್ಯಾನೇಜರ್ ವಿಲ್ ಕಿಲ್ ಅಸ್!

ಕಥೆಗೆ ಬೇಕಾದ ಸಂಗತಿಯೆಲ್ಲ ಇದರಲ್ಲಿದೆ. ಆದರೂ ಆ ಕೆಲಸ ಮಾಡುವವರು ಕೇಳಿದರೆ ಎರಡನೇ ಸಾಲಿಗೇ ಮೊಬೈಲ್ ಕೆಳಗಿಡುತ್ತಾರೆ. ಇಂಗ್ಲಿಷ್ ಹೆಚ್ಚಾಯಿತು ಎಂದಲ್ಲ. ನಿಜವಾದ ಕರೆಯಲ್ಲಿ ಇದಕ್ಕಿಂತ ಹೆಚ್ಚೇ ಇರಬಹುದು. ಎಲ್ಲಿ ಇಂಗ್ಲಿಷ್ ಬರಬೇಕೋ ಅಲ್ಲಿ ಬಾರದೆ, ಬಾರದ ಕಡೆಯೆಲ್ಲ ಬಂದು ಕೂತಿದೆ. ಮೇಲಾಗಿ ಇಲ್ಲಿನ ಕನ್ನಡವೂ ಪಠ್ಯಪುಸ್ತಕದ್ದು. ಫೋನಿನಲ್ಲಿ ಯಾರೂ ‘ಕೋಡ್ ಅನ್ನು ಮಾಡಿದ್ದೇನೆ’ ಎನ್ನುವುದಿಲ್ಲ.

ಕನ್ನಡದ ಸಂಭಾಷಣೆಕಾರರಿಗೆ ಈ ಸವಾಲು ಹೊಸದೇನೂ ಅಲ್ಲ. ಟಿ. ಪಿ. ಕೈಲಾಸಂ ಸುಮಾರು ನೂರು ವರ್ಷದ ಹಿಂದೆಯೇ ‘ಟೊಳ್ಳುಗಟ್ಟಿ’, ‘ಹೋಂ ರೂಲು’ ಮುಂತಾದ ನಾಟಕಗಳಲ್ಲಿ ಓದಿಕೊಂಡವರ ಮನೆಯ ಇಂಗ್ಲಿಷ್ ಬೆರೆತ ಕನ್ನಡವನ್ನು ರಂಗಕ್ಕೆ ತಂದಿದ್ದರು. ಇತ್ತೀಚೆಗೆ ದಾನಿಶ್ ಸೇಠ್ ಅವರ ‘ಹಂಬಲ್ ಪೊಲಿಟಿಷಿಯನ್ ನೊಗ್‌ರಾಜ್’ 2018ರಲ್ಲಿ ಸಿನಿಮಾವಾಗಿ, 2022ರಲ್ಲಿ ವೆಬ್ ಸರಣಿಯಾಗಿ ಬಂತು. ಅಲ್ಲಿ ರಾಜಕಾರಣಿಯ ಇಂಗ್ಲಿಷ್ ನಗೆ ಉಕ್ಕಿಸುವುದಕ್ಕೆ ಇರುವಂಥದ್ದು. ಸಾಫ್ಟ್‌ವೇರ್ ಕಚೇರಿಯ ಕಥೆಯಲ್ಲಿ ಹಾಗಿಲ್ಲ. ಅಲ್ಲಿ ಬೆರಕೆ ಮಾತೇ ದಿನನಿತ್ಯದ ಮಾತು, ಅದರಿಂದ ಯಾರಿಗೂ ನಗು ಬರುವುದಿಲ್ಲ. ಅದೇ ಮಾತಿನಲ್ಲಿ ಜಗಳ, ಸುಳ್ಳು, ಕಾಳಜಿ, ಪ್ರೀತಿ ಎಲ್ಲವೂ ನಡೆಯಬೇಕು.

ಬೆರಕೆ ಎಂದರೆ ಬಾಯಿಗೆ ಬಂದಂತೆ ಕಲಸುವುದಲ್ಲ. ಅದಕ್ಕೆ ಕಟ್ಟಳೆಯಿದೆ. ಭಾಷಾವಿಜ್ಞಾನಿ ಎಸ್. ಎನ್. ಶ್ರೀಧರ್ ಕನ್ನಡದಲ್ಲಿ ಇಂಗ್ಲಿಷ್ ಬೆರೆಯುವುದು ಯಾವ್ಯಾವ ಕೆಲಸಕ್ಕೆ ಎಂಬುದರ ಬಗ್ಗೆ 1978ರಲ್ಲೇ ಪ್ರಬಂಧ ಪ್ರಕಟಿಸಿದ್ದರು. ನೈರೋಬಿಯ ಸ್ವಾಹಿಲಿ-ಇಂಗ್ಲಿಷ್ ಮಾತುಕತೆಗಳನ್ನು ಅಧ್ಯಯನ ಮಾಡಿದ ಕ್ಯಾರಲ್ ಮೈಯರ್ಸ್-ಸ್ಕಾಟನ್ 1993ರ ಪುಸ್ತಕದಲ್ಲಿ ಇದನ್ನು ಒಂದು ಸಿದ್ಧಾಂತವಾಗಿಯೇ ಮುಂದಿಟ್ಟರು. ಎರಡು ಭಾಷೆ ಒಂದೇ ವಾಕ್ಯದಲ್ಲಿ ಕೂಡಿದಾಗ ಒಂದು ಭಾಷೆ ಚೌಕಟ್ಟನ್ನು ಕೊಡುತ್ತದೆ, ಇನ್ನೊಂದು ಅದರೊಳಗೆ ಪದಗಳನ್ನು ತುಂಬುತ್ತದೆ ಎಂಬುದು ಅದರ ತಿರುಳು. ಪದಗಳ ಕ್ರಮ, ವಿಭಕ್ತಿ, ಕ್ರಿಯಾಪದದ ಕೊನೆ, ಇವೆಲ್ಲ ಚೌಕಟ್ಟಿನ ಭಾಷೆಗೆ ಸೇರಿದವು.

ಇದನ್ನು ಬೆಂಗಳೂರಿನ ಕ್ಯಾಬಿನಲ್ಲಿ ಕೂತು ಕೇಳಿದರೆ ಸಾಕು, ತಾನೇ ತಿಳಿಯುತ್ತದೆ. ‘ನಿನ್ನೆ ಸ್ಪ್ರಿಂಟ್ ಪ್ಲಾನಿಂಗಲ್ಲಿ ಈ ಟಿಕೆಟ್ನ ನಂಗ್ ಅಸೈನ್ ಮಾಡಿದ್ರು’ ಎನ್ನುವ ಮಾತಿನಲ್ಲಿ ಹೆಸರುಗಳೆಲ್ಲ ಇಂಗ್ಲಿಷಿನವು. ಆದರೆ ‘ಅಲ್ಲಿ’, ‘ನ’, ‘ನಂಗೆ’, ‘ಮಾಡಿದ್ರು’ ಕನ್ನಡದವು. ವಾಕ್ಯದ ಬೆನ್ನೆಲುಬು ಇವೇ. ಇಂಗ್ಲಿಷಿನ ‘ಇನ್’, ‘ಟು’, ‘ದಿ’ಗಳು ಈ ಚೌಕಟ್ಟಿನೊಳಕ್ಕೆ ಬಿಡಿಬಿಡಿಯಾಗಿ ಬರುವುದಿಲ್ಲ. ‘ಮೀಟಿಂಗಲ್ಲಿದ್ದೆ’ ಎನ್ನುತ್ತಾರೆ, ‘ಇನ್ ಮೀಟಿಂಗ್ ಇದ್ದೆ’ ಎಂದು ಯಾರೂ ಹೇಳರು. ಬಂದರೆ ಇಡೀ ಗುಂಪಾಗಿ, ಗಟ್ಟಿ ಉಂಡೆಯಾಗಿ ಬರುತ್ತವೆ: ‘ನಾಳೆ ವರ್ಕ್ ಫ್ರಮ್ ಹೋಮ್ ತಗೊಂಡಿದೀನಿ’, ‘ಎಂಡ್ ಆಫ್ ಡೇ ಒಳಗೆ ಕಳಿಸ್ತೀನಿ’. ಮೊದಲ ಕರಡಿನ ‘ಈಗ ವಾಟ್ ಟು ಡೂ?’ ಕಿವಿಗೆ ಹೊಡೆಯುವುದು ಇದಕ್ಕೇ. ‘ಈಗೇನ್ ಮಾಡೋದು?’ ಎಂಬ ತೀರ ಸುಲಭದ ಮಾತನ್ನು ಬಿಟ್ಟು ಇಂಗ್ಲಿಷಿಗೆ ಹಾರಲು ಅಲ್ಲಿ ಕಾರಣವೇ ಇಲ್ಲ.

ಇನ್ನೊಂದು ಕಟ್ಟಳೆಯಲ್ಲಿ ಬರೆಯುವವರಿಗೆ ದೊಡ್ಡ ಲಾಭವಿದೆ. ಇಂಗ್ಲಿಷ್ ಕ್ರಿಯಾಪದ ಕನ್ನಡಕ್ಕೆ ಬಂದಾಗ ಒಂಟಿಯಾಗಿ ನಿಲ್ಲುವುದಿಲ್ಲ, ‘ಮಾಡು’ ಅಥವಾ ‘ಆಗು’ ಜೊತೆಗೆ ಬೇಕು. ಮರ್ಜ್ ಮಾಡ್ದೆ, ಮರ್ಜ್ ಆಯ್ತು. ಬ್ರೇಕ್ ಮಾಡ್ದೆ, ಬ್ರೇಕ್ ಆಯ್ತು. ಡಿಲೀಟ್ ಮಾಡ್ದೆ, ಡಿಲೀಟ್ ಆಯ್ತು. ‘ಮಾಡು’ ಬಂದರೆ ಮಾಡಿದವರು ಇದ್ದಾರೆ. ‘ಆಗು’ ಬಂದರೆ ಕೆಲಸ ತಾನಾಗಿ ನಡೆದಂತೆ ಕೇಳುತ್ತದೆ, ಮಾಡಿದವರು ಮಾತಿನ ಮರೆಗೆ ಸರಿಯುತ್ತಾರೆ. ಎಲ್ಲೋ ತಪ್ಪು ನಡೆದು, ಯಾರಿಂದ ಎಂದು ಹುಡುಕುತ್ತಿರುವ ಕಚೇರಿಯಲ್ಲಿ ಈ ಎರಡು ಪುಟ್ಟ ಕ್ರಿಯಾಪದಗಳ ನಡುವೆ ಇಡೀ ನಾಟಕ ನಡೆಯಬಹುದು. ‘ಡೇಟಾ ಡಿಲೀಟ್ ಆಗಿದೆ’ ಎಂದು ಹೇಳುವವನ ಕಣ್ಣು ಎತ್ತ ನೋಡುತ್ತಿದೆ ಎಂಬುದನ್ನು ನಟ ತಾನೇ ಕಂಡುಕೊಳ್ಳುತ್ತಾನೆ.

ವಾಕ್ಯದ ಕೊನೆಯಲ್ಲಿ ಬರುವ ಸಣ್ಣ ತುಣುಕುಗಳೂ ಹೀಗೆಯೇ. ‘ಸೋಮವಾರದಿಂದ ಎಲ್ಲರೂ ಆಫೀಸಿಗೆ ಬರ್ಬೇಕು’ ಎಂದರೆ ಆದೇಶ. ‘ಬರ್ಬೇಕಂತೆ’ ಎಂದರೆ ಲಿಫ್ಟಿನಲ್ಲಿ ಕೇಳಿದ ಸುದ್ದಿ, ಹೇಳಿದವನು ಅದಕ್ಕೆ ಜವಾಬ್ದಾರನಲ್ಲ. ‘ಇಟ್ಸ್ ಓಕೆ’ ಎಂದರೆ ಔಪಚಾರಿಕ. ‘ಇಟ್ಸ್ ಓಕೆ ಕಣೋ’ ಎಂದರೆ ಹೆಗಲ ಮೇಲೆ ಕೈ ಬಿತ್ತು. ‘ಇಟ್ಸ್ ಓಕೆ ಬಿಡು’ ಎಂದರೆ ಸ್ವಲ್ಪ ನೋವು ಇನ್ನೂ ಉಳಿದಿದೆ. ಇಂಗ್ಲಿಷಿನ ಭಾಗ ಮೂರರಲ್ಲೂ ಒಂದೇ. ಪಾತ್ರದ ಮನಸ್ಸು ಇರುವುದು ಕನ್ನಡದ ಬಾಲದಲ್ಲಿ. ಕರಡು ತಿದ್ದುವಾಗ ಇಂಗ್ಲಿಷ್ ಪದಗಳನ್ನು ಎಣಿಸಿ ಕಡಿಮೆ ಮಾಡುವುದಕ್ಕಿಂತ ಈ ಬಾಲಗಳು ಸರಿಯಾಗಿವೆಯೇ ಎಂದು ನೋಡಿದರೆ ದೃಶ್ಯ ಬೇಗ ಜೀವ ಹಿಡಿಯುತ್ತದೆ.

ಪದಗಳ ಆಯ್ಕೆಯಲ್ಲಿ ಎಡವುವುದು ಇನ್ನೊಂದು ಬಗೆ. ಹೊರಗಿನವರು ಬರೆದ ಸಂಭಾಷಣೆಯಲ್ಲಿ ತಾಂತ್ರಿಕ ಪದಗಳು ಪೂರ್ತಿ ಹೆಸರಿನಲ್ಲಿ ಬರುತ್ತವೆ. ಒಳಗಿನವರು ತುಂಡರಿಸುತ್ತಾರೆ. ಅವರಿಗೆ ‘ಪ್ರೊಡಕ್ಷನ್ ಸರ್ವರ್’ ಎಂದರೆ ‘ಪ್ರಾಡ್’. ಕೋಡನ್ನು ‘ಅಪ್‌ಲೋಡ್’ ಮಾಡುವುದಿಲ್ಲ. ಪುಶ್ ಮಾಡುತ್ತಾರೆ, ಮರ್ಜ್ ಮಾಡುತ್ತಾರೆ, ಡಿಪ್ಲಾಯ್ ಮಾಡುತ್ತಾರೆ, ಮೂರೂ ಬೇರೆ ಬೇರೆ ಹಂತ. ಜೊತೆಗೆ ಈ ದೇಶದ ಐಟಿ ಕಚೇರಿಗಳಲ್ಲಿ ರೂಢಿಯಾದ ಮಾತುಗಳಿವೆ. ರಾಜೀನಾಮೆ ಕೊಟ್ಟವನು ‘ಪೇಪರ್ ಹಾಕಿದಾನೆ’. ಸಂಬಳ ಬರುತ್ತಿದ್ದರೂ ಪ್ರಾಜೆಕ್ಟ್ ಸಿಗದೆ ಕಾಯುತ್ತಿರುವವನು ‘ಬೆಂಚಲ್ಲಿದಾನೆ’. ಸಂಬಳ ಏರಿದರೆ ‘ಹೈಕ್ ಬಂತು’. ಇಂಥ ಒಂದು ಮಾತು ಸರಿಯಾದ ಜಾಗದಲ್ಲಿ ಬಿದ್ದರೆ ನೋಡುವವರಿಗೆ ಆ ಲೋಕ ನಂಬಿಕೆಯಾಗುತ್ತದೆ. ಒಂದೇ ದೃಶ್ಯದಲ್ಲಿ ಹತ್ತು ಬಿದ್ದರೆ ಚಿಕ್ಕಬಳ್ಳಾಪುರದಲ್ಲಿ ಕೂತು ನೋಡುತ್ತಿರುವ ಕಾಲೇಜು ಹುಡುಗಿ ಕಥೆಯಿಂದ ಆಚೆ ಬೀಳುತ್ತಾಳೆ. ಪದ ಗೊತ್ತಿಲ್ಲದಿದ್ದರೂ ಏನಾಯಿತು ಎಂದು ಗೊತ್ತಾಗಬೇಕು. ‘ಪೇಮೆಂಟ್ ಹೋಗ್ತಾ ಇಲ್ಲ’ ಎಂದರೆ ಆ ಹುಡುಗಿಗೂ ತಿಳಿಯುತ್ತದೆ, ಒಳಗಿನವರೂ ಹಾಗೆಯೇ ಹೇಳುತ್ತಾರೆ.

ಪದ, ವ್ಯಾಕರಣಗಳಷ್ಟೇ ಮುಖ್ಯವಾದ ಇನ್ನೊಂದು ಸಂಗತಿ, ಕೋಣೆಯಲ್ಲಿ ಯಾರಿದ್ದಾರೆ ಎಂಬುದು. ಬೆಂಗಳೂರಿನ ಟೀಮುಗಳಲ್ಲಿ ತಮಿಳು, ತೆಲುಗು, ಹಿಂದಿ, ಬಂಗಾಳಿ, ಮಲಯಾಳ ಮಾತಾಡುವವರು ಒಟ್ಟಿಗೆ ಇರುತ್ತಾರೆ. ಇಬ್ಬರು ಕನ್ನಡಿಗರು ಕಾಫಿ ಮೆಷಿನ್ ಹತ್ತಿರ ಕನ್ನಡದಲ್ಲಿ ಮಾತಾಡುತ್ತಿರುವಾಗ ಕನ್ನಡ ಬಾರದ ಮೂರನೆಯವನು ಬಂದರೆ ಮಾತು ಇಂಗ್ಲಿಷಿಗೆ ಹೊರಳುತ್ತದೆ, ಅವನು ಹೋದ ಮೇಲೆ ಮರಳುತ್ತದೆ. ಈ ಹೊರಳುವಿಕೆ ಪದಗಳ ಬೆರಕೆಗಿಂತ ಬೇರೆ. ಇಲ್ಲಿ ವಾಕ್ಯದ ಚೌಕಟ್ಟೇ ಬದಲಾಗುತ್ತದೆ. ಹಾಗಾಗಿ ಒಂದು ಪಾತ್ರ ಪೂರ್ತಿ ಇಂಗ್ಲಿಷ್ ವಾಕ್ಯಕ್ಕೆ ಹೋಗುವ ಜಾಗದಲ್ಲೆಲ್ಲ ಬರೆಯುವವರ ಬಳಿ ಕಾರಣ ಇರಬೇಕು: ಯಾರೋ ಬಂದರು, ಯಾರನ್ನೋ ದೂರ ಇಟ್ಟರು, ಅಥವಾ ಸಲಿಗೆಯ ಮಾತು ಮುಗಿದು ಕಚೇರಿಯ ಮಾತು ಶುರುವಾಯಿತು.

ದೂರ ಇಡುವುದಕ್ಕೆ ಇಂಗ್ಲಿಷ್ ಒದಗಿಬರುವ ಒಂದು ಕಾರಣ ‘ಯೂ’. ಕನ್ನಡದಲ್ಲಿ ಬಾಯಿ ತೆರೆದರೆ ನೀನೋ ನೀವೋ ಎಂದು ತೀರ್ಮಾನಿಸಲೇಬೇಕು. ಸರ್ವನಾಮ ನುಂಗಿದರೂ ಕ್ರಿಯಾಪದ ಬಿಡುವುದಿಲ್ಲ, ‘ನೋಡಿದ್ಯಾ’ ಅಥವಾ ‘ನೋಡಿದ್ರಾ’ ಎಂದು ಅದು ಹೇಳಿಸಿಯೇ ತೀರುತ್ತದೆ. ಮೂವತ್ತರ ಲೀಡ್ ನಲವತ್ತೈದು ದಾಟಿದ ಎಂಜಿನಿಯರ್‌ಗೆ ಕೆಲಸ ಹೇಳುವಾಗ ಇದು ಇಕ್ಕಟ್ಟು. ಹೀಗಾಗಿ ಅನೇಕರು ಆ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳಿ ಪಾರಾಗುತ್ತಾರೆ. ಇನ್ನು ಕೆಲವರು ಕಚೇರಿಯ ರೂಢಿಯಂತೆ ಬರೀ ಹೆಸರು ಹಿಡಿದು ಕರೆದು, ಕ್ರಿಯಾಪದದಲ್ಲಿ ಗೌರವ ತುಂಬುತ್ತಾರೆ: ‘ದೀಪಾ, ನೀವು ಒಂದ್ಸಲ ನೋಡ್ತೀರಾ?’ ಎರಡನೇ ಸಂಚಿಕೆಯವರೆಗೆ ‘ನೀವು’ ಅನ್ನುತ್ತಿದ್ದ ಪಾತ್ರ ಐದನೇ ಸಂಚಿಕೆಯಲ್ಲಿ ‘ನೀನು’ ಅಂದರೆ ಅದೇ ಕಥೆಯ ತಿರುವು. ಬೇರೆ ವಿವರಣೆ ಬೇಕಾಗುವುದಿಲ್ಲ.

ಈ ಲೆಕ್ಕವೆಲ್ಲ ಇಟ್ಟುಕೊಂಡು ಅದೇ ರಾತ್ರಿಯ ದೃಶ್ಯವನ್ನು ಮತ್ತೆ ಬರೆದರೆ:

ದೀಪಾ: ಚೇತನ್, ಎದ್ದಿದೀಯಾ? ಪೇಮೆಂಟ್ ಹೋಗ್ತಾ ಇಲ್ಲ.
ಚೇತನ್: ನೋಡಾಕತ್ತೀನ್ರಿ. ಎಲ್ಲಾ ಟೈಮ್‌ಔಟ್ ಆಗಾಕತ್ತೈತಿ.
ದೀಪಾ: ಯಾವಾಗಿಂದ?
ಚೇತನ್: ಹನ್ನೊಂದು ಇಪ್ಪತ್ತರಿಂದ.
ದೀಪಾ: ಹನ್ನೊಂದು ಇಪ್ಪತ್ತಕ್ಕೆ ಪ್ರಾಡ್‌ಗೆ ಏನ್ ಹೋಯ್ತು?
ಚೇತನ್: (ತಡೆದು) ಒಂದ್ ಸಣ್ಣ ಚೇಂಜ್ ಹೋಗೇತ್ರಿ.
ದೀಪಾ: ಅದೇ ಹೋಯ್ತೋ, ನೀನ್ ಕಳಿಸಿದ್ಯೋ?
ಚೇತನ್: ...ನಾನ ಮರ್ಜ್ ಮಾಡೇನಿ. ರಿವ್ಯೂ ಆಗಿದ್ದಿಲ್ಲ.
ದೀಪಾ: ಸರಿ. ಮೊದ್ಲು ರೋಲ್‌ಬ್ಯಾಕ್ ಮಾಡು. ಮಿಕ್ಕಿದ್ದು ಆಮೇಲೆ.
(ಕರೆಗೆ ಮ್ಯಾನೇಜರ್ ಸೇರಿದ ‘ಟಿಂಗ್’ ಸದ್ದು. ಇಬ್ಬರೂ ನೆಟ್ಟಗೆ ಕೂರುತ್ತಾರೆ.)
ಮ್ಯಾನೇಜರ್: ಹಾಯ್. ವಾಟ್ಸ್ ದ ಸ್ಟೇಟಸ್?
ದೀಪಾ: ವಿ ಫೌಂಡ್ ದ ಚೇಂಜ್. ರೋಲಿಂಗ್ ಬ್ಯಾಕ್ ನೌ. ಟೆನ್ ಮಿನಿಟ್ಸ್.
ಮ್ಯಾನೇಜರ್: ಹೂ ಪುಶ್ಡ್ ಇಟ್?
ದೀಪಾ: ಇಟ್ ವೆಂಟ್ ಔಟ್ ಫ್ರಮ್ ಅವರ್ ಟೀಮ್.
(ಮ್ಯಾನೇಜರ್ ಹೋದ ಸದ್ದು. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ.)
ಚೇತನ್: ಥ್ಯಾಂಕ್ಸ್ ರೀ.
ದೀಪಾ: ನಾಳೆ ಹೇಳು. ಈಗ ಲಾಗ್ಸ್ ನೋಡು.

ಚೇತನ್‌ನ ಮಾತಿನಲ್ಲಿ ಧಾರವಾಡದ ಕಡೆಯ ಕನ್ನಡ ಹಾಗೇ ಉಳಿದಿದೆ. ಇಂಗ್ಲಿಷ್ ಪದ ಬಂತೆಂದು ಪ್ರಾದೇಶಿಕ ಮಾತು ಅಳಿಯುವುದಿಲ್ಲ. ‘ಟೈಮ್‌ಔಟ್’ ಬೆಂಗಳೂರಿನವನ ಬಾಯಲ್ಲಿ ‘ಆಗ್ತಾ ಇದೆ’, ಹುಬ್ಬಳ್ಳಿಯವನ ಬಾಯಲ್ಲಿ ‘ಆಗಾಕತ್ತೈತಿ’. ಇದೇ ಪಾತ್ರ ಮಂಗಳೂರಿನವನಾಗಿದ್ದರೆ ‘ಟೈಮ್‌ಔಟ್ ಆಗ್ತಾ ಉಂಟು ಮಾರಾಯ್ರೆ’ ಎಂದಿರುತ್ತಿದ್ದ. ಎಲ್ಲರಿಗೂ ಒಂದೇ ಬೆಂಗಳೂರು ಕಂಗ್ಲಿಷ್ ಹಾಕಿಬಿಟ್ಟರೆ ಪಾತ್ರಗಳ ಊರೇ ಅಳಿಸಿಹೋಗುತ್ತದೆ. ಚೇತನ್‌ನ ‘ರಿ’ಯನ್ನೂ ಗಮನಿಸಬೇಕು. ಜಾರಿಕೊಳ್ಳುವ ‘ಹೋಗೇತ್ರಿ’ಯಲ್ಲಿ ಅದು ಇದೆ. ತಪ್ಪು ಒಪ್ಪಿಕೊಳ್ಳುವ ‘ಮಾಡೇನಿ’ಯಲ್ಲಿ ಇಲ್ಲ. ಆ ಕ್ಷಣದಲ್ಲಿ ಅವನಿಗೆ ಮರ್ಯಾದೆಯ ಮಾತು ನೆನಪಾಗುವುದಿಲ್ಲ. ‘ಥ್ಯಾಂಕ್ಸ್ ರೀ’ ಎನ್ನುವಾಗ ಅದು ಮರಳಿ ಬರುತ್ತದೆ.

ದೃಶ್ಯದ ತಿರುಗಣಿ ಇರುವುದು ನಡುವಿನ ಪ್ರಶ್ನೆಯಲ್ಲಿ. ಚೇತನ್ ‘ಹೋಗೇತಿ’ಯ ಮರೆಯಲ್ಲಿ ನಿಲ್ಲಲು ನೋಡುತ್ತಾನೆ, ದೀಪಾ ಬಿಡುವುದಿಲ್ಲ. ಆದರೆ ಎರಡು ನಿಮಿಷದ ನಂತರ ಮ್ಯಾನೇಜರ್ ಅದೇ ಪ್ರಶ್ನೆ ಕೇಳಿದಾಗ ಅವಳು ಕೊಡುವ ಉತ್ತರವೂ ‘ಹೋಯಿತು’ ಎಂಬುದೇ, ಈ ಸಲ ಇಂಗ್ಲಿಷಿನಲ್ಲಿ. ಅವನಿಗೆ ನಿರಾಕರಿಸಿದ ಮರೆಯನ್ನು ಅವಳೇ ಅವನಿಗಾಗಿ ಕಟ್ಟಿಕೊಡುತ್ತಾಳೆ. ಅವಳು ಒಳ್ಳೆಯ ಲೀಡ್ ಎಂದು ಇನ್ನಾವ ಪಾತ್ರದಿಂದಲೂ ಹೇಳಿಸಬೇಕಾಗಿಲ್ಲ. ಭಾಷೆ ಬದಲಾದದ್ದರಿಂದಲೇ ಈ ಎರಡು ‘ಹೋಯಿತು’ಗಳ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ: ಕನ್ನಡದಲ್ಲಿ ನಿಜ ಹೊರಬಂತು, ಇಂಗ್ಲಿಷಿನಲ್ಲಿ ಕಾಪಾಡುವ ಕೆಲಸ ನಡೆಯಿತು. ಇನ್ನೊಂದು ದೃಶ್ಯದಲ್ಲಿ ಇದು ತಿರುಗಾಮುರುಗಾ ಆಗಲೂಬಹುದು. ಕನ್ನಡವೆಂದರೆ ಮನಸ್ಸು, ಇಂಗ್ಲಿಷೆಂದರೆ ಮುಖವಾಡ ಎಂಬ ಸೂತ್ರಕ್ಕೆ ಜೋತುಬಿದ್ದರೆ ಮೂರನೇ ಸಂಚಿಕೆಯ ಹೊತ್ತಿಗೆ ನೋಡುಗರು ಮುಂದಿನ ಸಾಲನ್ನು ತಾವೇ ಊಹಿಸುತ್ತಾರೆ. ಇಂಗ್ಲಿಷಿನಲ್ಲೇ ಓದಿ ಬೆಳೆದ ಹುಡುಗಿಗೆ ಅತಿ ಆಪ್ತವಾದ ಮಾತು ಇಂಗ್ಲಿಷಿನಲ್ಲೇ ಬರುವುದುಂಟು. ‘ಐ ಮಿಸ್ ಯೂ’ ಎನ್ನಲು ಆಗುವವರಿಗೆ ಕನ್ನಡದಲ್ಲಿ ಅದನ್ನು ಹೇಳಲು ನಾಲಿಗೆ ತೊಡರುತ್ತದೆ.

ಮರುದಿನ ಬೆಳಿಗ್ಗೆ ಚೇತನ್ ಹುಬ್ಬಳ್ಳಿಗೆ ಫೋನ್ ಮಾಡುತ್ತಾನೆ ಎಂದುಕೊಳ್ಳೋಣ. ಅವ್ವನಿಗೆ ಅವನು ಪ್ರಾಡ್, ರೋಲ್‌ಬ್ಯಾಕ್ ಏನನ್ನೂ ಹೇಳುವುದಿಲ್ಲ. ‘ರಾತ್ರಿ ಆಫೀಸಿನ ಕೆಲಸ ಇತ್ತವ್ವಾ, ನಿದ್ದಿ ಆಗಿಲ್ಲ’ ಅಷ್ಟೇ. ಅವ್ವನ ಮಾತಿನಲ್ಲೂ ಇಂಗ್ಲಿಷ್ ಇದೆ: ಫೋನು, ಆಫೀಸು, ಟೆನ್ಶನ್ನು, ರಜಾ ಸಿಗದಿದ್ದರೆ ‘ಬಸ್ಸಿನ ಟಿಕೆಟ್ ಕ್ಯಾನ್ಸಲ್ ಮಾಡು’. ಇವು ಅವಳ ಪಾಲಿಗೆ ಕನ್ನಡದ ಪದಗಳೇ, ಕೊನೆಗೊಂದು ಉಕಾರ ಅಂಟಿಕೊಂಡು ಎಂದೋ ಮನೆಯವಾಗಿವೆ. ಎರವಲು ಬಂದು ನೆಲೆಸಿದ ಪದಕ್ಕೂ ಮಾತಿನ ನಡುವೆ ಭಾಷೆ ಬದಲಿಸುವುದಕ್ಕೂ ಇರುವ ಅಂತರ ಇದು. ಅವ್ವನ ಬಾಯಿಂದ ಇವನ್ನೆಲ್ಲ ತೆಗೆದು ‘ದೂರವಾಣಿ’, ‘ಕಚೇರಿ’ ಹಾಕಿದರೆ ಅವಳು ಹಳ್ಳಿಯ ಮುಗ್ಧೆಯಾಗುವುದಿಲ್ಲ, ಆಕಾಶವಾಣಿಯ ವಾರ್ತಾವಾಚಕಿಯಾಗುತ್ತಾಳೆ. ಅದೇ ಚೇತನ್ ಆ ಐದು ನಿಮಿಷದಲ್ಲಿ ಬೇರೆಯೇ ಮನುಷ್ಯನಂತೆ ಕೇಳಿಸುವುದನ್ನು ನೋಡುಗರು ಗಮನಿಸಿದರೆ, ಅವನು ಎರಡು ಲೋಕಗಳ ನಡುವೆ ಇದ್ದಾನೆಂದು ಬಾಯಿಬಿಟ್ಟು ಹೇಳುವ ಭಾಷಣ ಬೇಕಾಗುವುದಿಲ್ಲ.

ಹೀಗೆ ಬರೆದದ್ದು ನಟರ ಕೈಗೆ ಹೋದಾಗ ಲಿಪಿಯ ತೊಡಕು ಎದುರಾಗುತ್ತದೆ. ಇಂಗ್ಲಿಷ್ ಪದವನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಓಟ ಕೆಡದೆ ಓದಬಹುದು, ‘ಪ್ಲಾನಿಂಗಲ್ಲಿ’ ಎಂಬಂಥ ಜೋಡಣೆಯೂ ಕಣ್ಣಿಗೆ ಸರಿಯಾಗಿ ಕಾಣುತ್ತದೆ. ಆದರೆ ಪೂರ್ತಿ ಇಂಗ್ಲಿಷ್ ವಾಕ್ಯವನ್ನು ಕನ್ನಡ ಲಿಪಿಯಲ್ಲಿ ಓದಲು ನಟ ತಡವರಿಸುತ್ತಾನೆ. ಅನುಕೂಲದ ದಾರಿ ಎಂದರೆ ಚೌಕಟ್ಟು ಯಾವ ಭಾಷೆಯದೋ ಆ ಭಾಷೆಯ ಲಿಪಿ ಬಳಸುವುದು. ಆಗ ದೀಪಾಳ ಸಾಲುಗಳು ಪುಟದ ನಡುವೆ ಲಿಪಿ ಬದಲಿಸುತ್ತವೆ, ಮಾತು ಎಲ್ಲಿ ಹೊರಳಿತೆಂದು ನಟಿಗೆ ಕಣ್ಣಿಗೇ ಕಾಣುತ್ತದೆ. ಚಿತ್ರೀಕರಣಕ್ಕೆ ಮೊದಲು ಎಲ್ಲರೂ ಕೂತು ಗಟ್ಟಿಯಾಗಿ ಓದುವಾಗ ನಟರು ತಾವಾಗಿ ತಿದ್ದಿಕೊಳ್ಳುವ ಜಾಗಗಳನ್ನು ಗುರುತಿಟ್ಟುಕೊಳ್ಳಬೇಕು. ಒಂದೇ ಸಾಲಿನಲ್ಲಿ ಇಬ್ಬರು ಮೂವರು ಎಡವಿದರೆ ಬಹುತೇಕ ಅಲ್ಲಿ ಚೌಕಟ್ಟು ಮುರಿದಿರುತ್ತದೆ.

ಕೊನೆಯ ಹಂತ ಸಬ್‌ಟೈಟಲ್. ನೆಟ್‌ಫ್ಲಿಕ್ಸ್‌ನ ಇಂಗ್ಲಿಷ್ ಮಾರ್ಗಸೂಚಿಯಲ್ಲಿ ಒಂದು ಸಾಲಿಗೆ 42 ಅಕ್ಷರ, ಒಮ್ಮೆಗೆ ಎರಡು ಸಾಲಿನ ಮಿತಿ ಇದೆ. ಅಷ್ಟರಲ್ಲಿ ‘ಅದೇ ಹೋಯ್ತೋ, ನೀನ್ ಕಳಿಸಿದ್ಯೋ?’ ಎಂಬುದು ಇಂಗ್ಲಿಷಿಗೆ ಸಲೀಸಾಗಿ ದಾಟುತ್ತದೆ. ‘ಬರ್ಬೇಕಂತೆ’ಯನ್ನೂ ಹೇಗೋ ದಾಟಿಸಬಹುದು. ‘ರಿ’ ದಾಟುವುದಿಲ್ಲ, ‘ಆಗಾಕತ್ತೈತಿ’ಯಲ್ಲಿರುವ ಊರು ದಾಟುವುದಿಲ್ಲ. ಎಲ್ಲಕ್ಕಿಂತ ದೊಡ್ಡ ನಷ್ಟ ಭಾಷೆ ಬದಲಾಗುವ ಕ್ಷಣದ್ದು. ಸಬ್‌ಟೈಟಲ್ ಓದುವ ಪುಣೆಯ ನೋಡುಗನಿಗೆ ಮ್ಯಾನೇಜರ್ ಬರುವ ಮುಂಚಿನ ಸಾಲೂ ನಂತರದ ಸಾಲೂ ಒಂದೇ ಇಂಗ್ಲಿಷ್. ಅದಕ್ಕಾಗಿಯೇ ಆ ದೃಶ್ಯದಲ್ಲಿ ‘ಟಿಂಗ್’ ಸದ್ದು, ಇಬ್ಬರೂ ನೆಟ್ಟಗೆ ಕೂರುವುದು, ಮ್ಯಾನೇಜರ್ ಹೋದ ಮೇಲಿನ ಮೌನ ಬರವಣಿಗೆಯಲ್ಲೇ ಇವೆ. ಮಾತು ಹೊರಳುವ ಪ್ರತಿ ಜಾಗದಲ್ಲೂ ಬರೆಯುವವರು ಹೀಗೆ ದೇಹಕ್ಕೂ ಒಂದು ಕೆಲಸ ಕೊಟ್ಟಿದ್ದರೆ, ಕನ್ನಡ ಬಾರದವನಿಗೂ ಅಲ್ಲಿ ಏನೋ ಬದಲಾಯಿತೆಂದು ತಿಳಿಯುತ್ತದೆ.